ಅಳಿಯನ ನ್ಯಾಯಕ್ಕೆ ಮಾವ ಕೂತರೆ

ಮೊದಲು ಒಂದು ಚಿಕ್ಕ ಕಲ್ಪಿತ ಕಥೆ. ಎಪ್ಪತ್ತು ದಾಟಿದ, ಮಕ್ಕಳಿಲ್ಲದ ವಿಧವೆಯೊಬ್ಬಳು ಗಂಡನಿಂದ ಬಂದ 2 ಎಕರೆ 10 ಗುಂಟೆ ಜಮೀನನ್ನು 2021ರಲ್ಲಿ ಮೈದುನನ ಮಗನ ಹೆಸರಿಗೆ ದಾನಪತ್ರ ಮಾಡಿಕೊಡುತ್ತಾಳೆ. ಕೊನೆಗಾಲದಲ್ಲಿ ನೋಡಿಕೊಳ್ಳುತ್ತೇನೆ ಅಂತ ಹುಡುಗ ಮಾತು ಕೊಟ್ಟಿರುತ್ತಾನೆ. ಮೊದಲ ವರ್ಷ ಎಲ್ಲ ಸರಿ. ಪಹಣಿಯಲ್ಲಿ ಹೆಸರು ಬದಲಾದ ಮೇಲೆ ಊಟದ ತಟ್ಟೆ ಒಳಮನೆಯಿಂದ ಜಗಲಿಗೆ ಬರುತ್ತದೆ, ಆಮೇಲೆ ತಡವಾಗಿ ಬರುತ್ತದೆ, ಆಮೇಲೆ ಬರುವುದೇ ನಿಲ್ಲುತ್ತದೆ. ಅಜ್ಜಿ ಊರ ಯಜಮಾನನ ಬಳಿಗೆ ಹೋಗುತ್ತಾಳೆ. ಆ ಹುಡುಗ ಯಜಮಾನನಿಗೆ ಸ್ವಂತ ಅಳಿಯ. ಮಗಳನ್ನು ಕೊಟ್ಟ ಮನೆ ಅದು.

ಇಂಥ ಕಥೆಯನ್ನು ಸಾಮಾನ್ಯವಾಗಿ ಹೇಗೆ ಮುಗಿಸುತ್ತಾರೆ ಎಂದು ಎಲ್ಲರಿಗೂ ಗೊತ್ತು. ಯಜಮಾನ ರಾತ್ರಿಯೆಲ್ಲ ಹೊರಳಾಡುತ್ತಾನೆ, ಬೆಳಗ್ಗೆ ಅರಳಿಕಟ್ಟೆಯ ಮೇಲೆ ಕೂತು ಅಳಿಯನ ವಿರುದ್ಧ ತೀರ್ಪು ಕೊಡುತ್ತಾನೆ, ಊರು ತಲೆದೂಗುತ್ತದೆ. ಜಮೀನು ಅಜ್ಜಿಗೆ ವಾಪಸ್. ಓದುವುದಕ್ಕೆ ಚೆನ್ನಾಗಿದೆ. ಆದರೆ ಆ ತೀರ್ಪು ಮರುದಿನ ಬೆಳಗ್ಗೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಿದರೆ ಏನಾಗುತ್ತದೆ ಎಂದು ಕಥೆಗಾರ ನೋಡಿರುವುದಿಲ್ಲ. ನೋಂದಾಯಿತ ದಾನಪತ್ರವನ್ನು ಕಟ್ಟೆಯ ಮೇಲಿನ ಮಾತು ರದ್ದು ಮಾಡಲಾರದು. ಆಸ್ತಿ ವ್ಯಾಜ್ಯ ತೀರ್ಮಾನಿಸುವ ಅಧಿಕಾರ ಯಜಮಾನನಿಗಾಗಲಿ, ಚುನಾಯಿತ ಗ್ರಾಮ ಪಂಚಾಯಿತಿಗಾಗಲಿ ಇಲ್ಲ. ಆಸ್ತಿ ಬರೆದುಕೊಟ್ಟು ಬೀದಿಗೆ ಬಿದ್ದ ಹಿರಿಯರ ದೂರುಗಳು ಉಪವಿಭಾಗಾಧಿಕಾರಿ ಕಚೇರಿಗಳ ಮುಂದೆ ದಿನಬೆಳಗಾದರೆ ಬರುತ್ತಿರುವ ಈ ಕಾಲದಲ್ಲಿ, ಈ ಕಥೆಯನ್ನು ಅದರ ಲೆಕ್ಕಪತ್ರದ ಸಮೇತ ಬಿಡಿಸಿ ನೋಡಬೇಕು.

ಮೊದಲ ಪ್ರಶ್ನೆ: ಮಾವ ಆ ನ್ಯಾಯಕ್ಕೆ ಕೂರಬಹುದೇ?

ಕಾನೂನು ಓದಿದವರು ಕೂಡಲೇ ಕೂಡದು ಎನ್ನುತ್ತಾರೆ. ತನ್ನ ಹಿತ ಇರುವ ಕಡೆ ತಾನೇ ನ್ಯಾಯಾಧೀಶನಾಗಬಾರದು ಎಂಬುದು ಹಳೆಯ ನಿಯಮ. ಅದನ್ನು ನಮ್ಮ ದೇಶದಲ್ಲಿ ಗಟ್ಟಿ ಮಾಡಿದ ತೀರ್ಪುಗಳಲ್ಲೊಂದು 1969ರ ಕ್ರೈಪಾಕ್ ಪ್ರಕರಣ. ಬರೆದವರು ಕಾರ್ಕಳ ಕಡೆಯ ಕೌಡೂರಿನ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ. ಜಮ್ಮು ಮತ್ತು ಕಾಶ್ಮೀರದಲ್ಲಿ ಭಾರತೀಯ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸುವ ಮಂಡಳಿ ಕೂತಿತ್ತು. ಆ ಮಂಡಳಿಯಲ್ಲಿದ್ದ ಹಂಗಾಮಿ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಯೂ ಒಬ್ಬ ಅಭ್ಯರ್ಥಿ. ತನ್ನ ಹೆಸರು ಬಂದಾಗ ಆತ ಎದ್ದು ಹೊರಗೆ ಹೋಗಿದ್ದ. ಆದರೆ ತನ್ನ ಪ್ರತಿಸ್ಪರ್ಧಿಗಳ ಹೆಸರು ಚರ್ಚೆಗೆ ಬಂದಾಗ, ಕೊನೆಗೆ ಪಟ್ಟಿಯಲ್ಲಿ ಯಾರು ಮೇಲೆ ಯಾರು ಕೆಳಗೆ ಎಂದು ತೀರ್ಮಾನಿಸುವಾಗ ಒಳಗೇ ಕೂತಿದ್ದ. ಸುಪ್ರೀಂ ಕೋರ್ಟ್ ಆ ಆಯ್ಕೆಯನ್ನೇ ಹೊಡೆದುಹಾಕಿತು. ಆತ ನಿಜಕ್ಕೂ ಪಕ್ಷಪಾತ ಮಾಡಿದನೇ ಎಂದು ಮನಸ್ಸು ಬಗೆದು ನೋಡುವ ಗೋಜಿಗೆ ಕೋರ್ಟು ಹೋಗಲಿಲ್ಲ. ಪಕ್ಷಪಾತಕ್ಕೆ ಒಪ್ಪತಕ್ಕ ಸಾಧ್ಯತೆ ಇದ್ದರೆ ಸಾಕು ಎಂದಿತು.

ಇದನ್ನು ನಮ್ಮ ಕಟ್ಟೆಗೆ ತಂದು ನೋಡಿ. ಮಾವ ಎಷ್ಟೇ ನಿಷ್ಠುರನಾಗಿದ್ದರೂ ಸಾಧ್ಯತೆ ಇದ್ದೇ ಇದೆ. ಅಜ್ಜಿಗೆ ಜಮೀನು ಹೋದರೆ ಅವನ ಮಗಳ ಮನೆಯ ಆದಾಯ ಹೋಗುತ್ತದೆ, ಮೊಮ್ಮಕ್ಕಳ ಪಾಲು ಹೋಗುತ್ತದೆ. ಹಾಗಾದರೆ ಎದ್ದು ಹೋಗಲಿ, ಬೇರೆಯವರು ಕೂರಲಿ. ವಿಷಯ ಮುಗಿಯಿತಲ್ಲ?

ಮುಗಿಯಲಿಲ್ಲ. ಇಲ್ಲಿಯೇ ಊರಿನ ನ್ಯಾಯ ಕೋರ್ಟಿನ ನ್ಯಾಯಕ್ಕಿಂತ ಬೇರೆಯಾಗುವುದು. ಅಜ್ಜಿ ಆ ಮನೆಗೇ ಯಾಕೆ ಬಂದಳು ಎಂದು ಕೇಳಿ. ಊರಲ್ಲಿ ಬೇರೆ ಹಿರಿಯರಿಲ್ಲ ಎಂದಲ್ಲ, ಅವನು ಮಾವ ಎಂಬುದು ಗೊತ್ತಿಲ್ಲದೆಯೂ ಅಲ್ಲ. ಮಾವ ಎಂದೇ ಬಂದಳು. ನ್ಯಾಯಾಧೀಶನ ತೀರ್ಪಿನ ಹಿಂದೆ ಅಮೀನ ಇದ್ದಾನೆ, ಪೊಲೀಸ್ ಇದ್ದಾರೆ, ಜಪ್ತಿ ಇದೆ. ಕಟ್ಟೆಯ ತೀರ್ಪಿನ ಹಿಂದೆ ಇರುವುದು ಮುಲಾಜು ಒಂದೇ. ಮೇಲಿನ ಕೇರಿಯ ನಿಷ್ಪಕ್ಷಪಾತಿ ಹಿರಿಯ ಹೇಳಿದ ಮಾತನ್ನು ಅಳಿಯ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡಬಹುದು. ಹೆಣ್ಣು ಕೊಟ್ಟ ಮಾವನ ಮಾತನ್ನು ಹಾಗೆ ಬಿಡಲಾಗದು. ನಾಳೆ ಗೊಬ್ಬರಕ್ಕೆ ಸಾಲ ಬೇಕು, ಬಾಣಂತನಕ್ಕೆ ತವರು ಬೇಕು, ಹಬ್ಬಕ್ಕೆ ಕರೆಯಬೇಕು. ಯಾವ ನಂಟು ಯಜಮಾನನನ್ನು ಅನುಮಾನಕ್ಕೆ ಈಡು ಮಾಡುತ್ತದೋ ಅದೇ ನಂಟು ಅವನ ಮಾತಿಗೆ ತೂಕ ಕೊಡುತ್ತದೆ. ಪಕ್ಷಪಾತದ ಭಯ ಮತ್ತು ಜಾರಿಯ ಬಲ ಇಲ್ಲಿ ಒಂದೇ ಬೇರಿನಿಂದ ಬರುತ್ತವೆ. ಬೇರು ಕಿತ್ತರೆ ಎರಡೂ ಹೋಗುತ್ತವೆ.

ಈ ಕಾರಣಕ್ಕೇ, ಸಂಬಂಧಿ ಎಂದ ಕೂಡಲೇ ಎದ್ದು ಹೋಗುವ ಯಜಮಾನ ಅಜ್ಜಿಗೆ ಉಪಕಾರ ಮಾಡಿದಂತೆ ಕಾಣಿಸಿದರೂ ಹಲವು ಸಲ ಕೈಕೊಟ್ಟಿರುತ್ತಾನೆ. "ನನ್ನ ಬೀಗರ ವಿಷಯ, ನಾನು ಬಾಯಿ ಹಾಕಲ್ಲ" ಎನ್ನುವುದು ಮಡಿವಂತಿಕೆಯ ಮಾತೂ ಹೌದು, ಅಳಿಯನಿಗೆ ಅನುಕೂಲ ಮಾಡುವ ಮಾತೂ ಹೌದು.

ಕೂತರೆ ಏನು ಕೆಡುತ್ತದೆ ಎಂಬುದನ್ನೂ ನೋಡಬೇಕು. ನೆಂಟಸ್ತಿಕೆಯ ಪಕ್ಷಪಾತ ತೀರ್ಪಿನ ಮಾತಿನಲ್ಲಿ ಕಾಣಿಸುವುದು ಅಪರೂಪ. ಅದು ಮೊದಲೇ, ಕಟ್ಟೆಗೆ ಬರುವ ದಾರಿಯಲ್ಲೇ ಕೆಲಸ ಮುಗಿಸಿರುತ್ತದೆ. ಮಗಳು ಹಿಂದಿನ ರಾತ್ರಿ ತವರಿಗೆ ಬಂದು, "ಅಪ್ಪಾ, ದೊಡ್ಡತ್ತೆ ದಿನಾ ಬೀದಿಲಿ ನಿಂತು ಮಾನ ಕಳೀತಾರೆ" ಎಂದು ಅತ್ತಿರುತ್ತಾಳೆ. ಅಜ್ಜಿಯ ಕಡೆಯಿಂದ ಯಾರೂ ಹಾಗೆ ಯಜಮಾನನ ಅಡುಗೆಮನೆಯಲ್ಲಿ ಕೂತು ಹೇಳಿಕೊಂಡಿಲ್ಲ. ಒಂದು ಕಡೆಯ ಮಾತು ಮನೆಯೊಳಗೆ ಕೇಳಿಸಿಕೊಂಡು, ಇನ್ನೊಂದು ಕಡೆಯ ಮಾತು ಹತ್ತು ಜನರ ಎದುರು ಕೇಳಿಸಿಕೊಳ್ಳುವುದೇ ಮೊದಲ ಓರೆ.

ಎರಡನೆಯದು ದಿನ ತಳ್ಳುವುದು. "ಕೊಯ್ಲು ಮುಗೀಲಿ", "ಹಬ್ಬ ಕಳೀಲಿ", "ಮಗು ಹುಷಾರಾಗ್ಲಿ". ಪ್ರತಿ ಕಾರಣವೂ ನಿಜವೇ ಇರುತ್ತದೆ. ಆದರೆ ತಡವಾದಷ್ಟೂ ನಷ್ಟ ಯಾರಿಗೆ ಎಂದು ನೋಡಿದರೆ ಸಾಕು. ಜಮೀನು ಕೈಯಲ್ಲಿರುವವನಿಗೆ ತಡದಿಂದ ಏನೂ ಆಗುವುದಿಲ್ಲ, ಹಸಿದಿರುವವಳಿಗೆ ಆಗುತ್ತದೆ. ಮೂರನೆಯದು ಸಾಕ್ಷಿಯ ತಕ್ಕಡಿ. ಅಜ್ಜಿ ಮಾತು ಕೊಟ್ಟಿದ್ದ ಎಂದರೆ "ಯಾರ ಮುಂದೆ ಕೊಟ್ಟ? ಕರೆಸು" ಎನ್ನುವ ಯಜಮಾನ, ಅಳಿಯ ಊಟ ಹಾಕ್ತಾ ಇದೀನಿ ಎಂದರೆ ಸುಮ್ಮನೆ ತಲೆಯಾಡಿಸುತ್ತಾನೆ.

ಇನ್ನು ಅರ್ಧಕ್ಕರ್ಧ ಮಾಡುವ ಚಟ. ಇಬ್ಬರ ಮಾತಿನ ನಡುಮಧ್ಯ ಗೆರೆ ಎಳೆದರೆ ನ್ಯಾಯ ಎಂಬ ನಂಬಿಕೆ ಕಟ್ಟೆಗಳಲ್ಲಿ ಗಟ್ಟಿಯಾಗಿದೆ. ಇಡೀ ಜಮೀನು ಬರೆಸಿಕೊಂಡವನಿಗೂ, ಎರಡು ಹೊತ್ತು ಊಟ ಕೇಳುವವಳಿಗೂ ನಡುಮಧ್ಯ ಎಂದರೆ ಒಂದು ಹೊತ್ತು ಊಟವೇ? ಅವಳು ಕೊಡಬೇಕಾದ್ದನ್ನು ಪೂರ್ತಿ ಕೊಟ್ಟಾಗಿದೆ. ಉಳಿದಿರುವುದು ಅವನ ಕಡೆಯ ಬಾಕಿ ಮಾತ್ರ.

ಕಥೆಗಾರರು ಗಮನಿಸದ ತಪ್ಪು ಇನ್ನೊಂದಿದೆ, ಅದು ಇದಕ್ಕೆ ತಿರುಗುಮುರುಗು. ತಾನು ಪಕ್ಷಪಾತಿಯಲ್ಲ ಎಂದು ಊರಿಗೆ ತೋರಿಸಲು ಯಜಮಾನ ಬೇರೆಯವರಿಗೆ ಹಾಕದಷ್ಟು ದಂಡವನ್ನು ಅಳಿಯನಿಗೆ ಹಾಕುತ್ತಾನೆ. ದೇವಸ್ಥಾನಕ್ಕೆ ತಪ್ಪುಕಾಣಿಕೆ, ಊರ ಮುಂದೆ ಅಡ್ಡಬೀಳಿಸುವುದು, ನೀರು ಬೆಂಕಿ ಕೊಡಬೇಡಿ ಎನ್ನುವುದು. ಹೆಸರು ಯಜಮಾನನಿಗೆ ಬರುತ್ತದೆ. ದಂಡದ ಹಣ ದೇವಸ್ಥಾನಕ್ಕೆ ಹೋಗುತ್ತದೆ. ಅಜ್ಜಿಗೆ ಒಂದು ಸೇರು ರಾಗಿಯೂ ಬರುವುದಿಲ್ಲ, ಬದಲಿಗೆ ಅವಮಾನಗೊಂಡ ಮನೆಯಲ್ಲೇ ಅವಳು ರಾತ್ರಿ ಮಲಗಬೇಕು. ಯಜಮಾನನ ಮಗಳೂ ಆ ಮನೆಯಲ್ಲೇ ಮಲಗಬೇಕು, ಅಪ್ಪನ ನಿಷ್ಠುರತೆಯ ಬಡ್ಡಿ ಅವಳು ಕಟ್ಟುತ್ತಾಳೆ. ಬಹಿಷ್ಕಾರವಂತೂ ಯಜಮಾನನನ್ನೇ ಪೊಲೀಸ್ ಠಾಣೆಗೆ ಎಳೆಯಬಹುದಾದ ಕೆಲಸ. ಇಂಥ ಕಠಿಣ ತೀರ್ಪು ಸಡಿಲ ತೀರ್ಪಿನಷ್ಟೇ ಓರೆ, ಯಾಕೆಂದರೆ ಎರಡರಲ್ಲೂ ಯಜಮಾನ ನೋಡುತ್ತಿರುವುದು ಅಳಿಯನ ಕಡೆಗೆ, ಅಜ್ಜಿಯ ಕಡೆಗಲ್ಲ. ಇದನ್ನು ಕಂಡುಹಿಡಿಯುವುದು ಸುಲಭ. ಇಂಥದೇ ನ್ಯಾಯ ಬೇರೆ ಮನೆಯಿಂದ ಬಂದಿದ್ದಾಗ ಇದೇ ಯಜಮಾನ ಏನು ಹೇಳಿದ್ದ ಎಂದು ಊರಲ್ಲಿ ನಾಲ್ಕು ಜನ ನೆನಪಿಟ್ಟಿರುತ್ತಾರೆ.

ಕೂತರೆ ಓರೆ, ಎದ್ದರೆ ಬಲವಿಲ್ಲ. ಇದಕ್ಕೆ ಒಂದು ದಾರಿ ಇದೆ, ಮತ್ತು ಅದರ ಅರ್ಧ ಭಾಗ ನಮ್ಮ ಮಧ್ಯಸ್ಥಿಕೆ ಕಾನೂನಿನಲ್ಲೇ ಇದೆ. 1996ರ ಮಧ್ಯಸ್ಥಿಕೆ ಮತ್ತು ರಾಜಿ ಸಂಧಾನ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಬಂದಾಗ ಏಳನೇ ಅನುಸೂಚಿ ಸೇರಿತು. ಯಾರು ಯಾರು ಮಧ್ಯಸ್ಥರಾಗಿ ಕೂರಬಾರದು ಎಂಬ ಪಟ್ಟಿ ಅದು. ಪಕ್ಷಗಾರರಲ್ಲಿ ಒಬ್ಬರ ಹತ್ತಿರದ ಕುಟುಂಬದವರು ಆ ಪಟ್ಟಿಯಲ್ಲಿದ್ದಾರೆ. ಆದರೆ ಒಂದು ಬಾಗಿಲು ತೆರೆದಿಟ್ಟಿದ್ದಾರೆ. ವ್ಯಾಜ್ಯ ಹುಟ್ಟಿದ ಮೇಲೆ, ಸಂಬಂಧ ಗೊತ್ತಿದ್ದೂ, ಎರಡೂ ಕಡೆಯವರು ಬರಹದಲ್ಲಿ ಸ್ಪಷ್ಟವಾಗಿ ಒಪ್ಪಿದರೆ ಅಂಥವರು ಕೂರಬಹುದು. ವ್ಯಾಜ್ಯ ಹುಟ್ಟಿದ ಮೇಲೆ ಎಂಬುದನ್ನು ಗಮನಿಸಿ. "ಏನೇ ಬಂದರೂ ನಮ್ಮ ಯಜಮಾನರೇ ಹೇಳಲಿ" ಎಂದು ಮೊದಲೇ ಕೊಟ್ಟ ಒಪ್ಪಿಗೆ ನಡೆಯುವುದಿಲ್ಲ. (ಆ ಅನುಸೂಚಿಯ ವಿವರಣೆಯಲ್ಲಿ ಹತ್ತಿರದ ಕುಟುಂಬ ಎಂದರೆ ಸಂಗಾತಿ, ಒಡಹುಟ್ಟಿದವರು, ಮಕ್ಕಳು, ತಂದೆತಾಯಿ. ಅಳಿಯ ಅದರಲ್ಲಿಲ್ಲ! ಅದನ್ನು ಬರೆದವರು ನಮ್ಮ ಊರುಗಳಲ್ಲಿ ಒಂದು ಮದುವೆಯನ್ನೂ ಉಂಡಿರಲಿಕ್ಕಿಲ್ಲ.)

ಕಟ್ಟೆಯ ನ್ಯಾಯಕ್ಕೆ ಈ ಕಾಯ್ದೆ ನೇರವಾಗಿ ಅನ್ವಯಿಸಬೇಕೆಂದಿಲ್ಲ, ಅದರ ವಿವೇಕವನ್ನು ಎರವಲು ಪಡೆದರೆ ಸಾಕು. ಯಜಮಾನ ಮೊದಲು ಸೇರಿದವರ ಮುಂದೆ ಬಾಯಿಬಿಟ್ಟು ಹೇಳಬೇಕು: ಇವನು ನನ್ನ ಅಳಿಯ, ಈ ಜಮೀನಿನಿಂದ ನನ್ನ ಮಗಳ ಸಂಸಾರ ನಡೆಯುತ್ತಿದೆ, ಇವನಿಗೆ ನಾನು ಕೊಟ್ಟ ಸಾಲ ಇಷ್ಟಿದೆ. ಊರಿಗೆಲ್ಲ ಗೊತ್ತಿರುವುದನ್ನು ಹೇಳುವುದೇಕೆ ಅನಿಸಬಹುದು. ಸಾಲದ ವಿಷಯ ಊರಿಗೆ ಗೊತ್ತಿರುವುದಿಲ್ಲ, ಹಲವು ಸಲ ನಿಜವಾದ ಹಿತ ಅಲ್ಲೇ ಇರುತ್ತದೆ. ಅಳಿಯ ಜಮೀನು ಕಳೆದುಕೊಂಡರೆ ಮಾವನ ಹಣವೂ ಮುಳುಗುತ್ತದೆ.

ಆಮೇಲೆ ಅಜ್ಜಿಯ ಒಪ್ಪಿಗೆ. ಅದನ್ನು ಕಟ್ಟೆಯ ಮೇಲೆ ಎಲ್ಲರೆದುರು ಕೇಳಬಾರದು. "ಏನಕ್ಕಾ, ನಾನು ನ್ಯಾಯ ಹೇಳಿದರೆ ಒಪ್ತೀರೋ ಇಲ್ವೋ?" ಎಂದು ಐವತ್ತು ಜನರ ಮುಂದೆ ಯಜಮಾನನೇ ಕೇಳಿದರೆ, ಇಲ್ಲ ಎನ್ನುವ ಧೈರ್ಯ ಯಾರಿಗಿದೆ? "ನೀವು ಹೇಳಿದ ಮೇಲೆ ಇನ್ನೇನು ಯಜಮಾನ್ರೇ" ಎಂಬ ಉತ್ತರ ಒಪ್ಪಿಗೆಯಲ್ಲ. ಅವಳಿಗೆ ನಂಬಿಕೆಯಿರುವ ಹೆಂಗಸೊಬ್ಬಳು, ಆಶಾ ಕಾರ್ಯಕರ್ತೆಯೋ ಸ್ತ್ರೀಶಕ್ತಿ ಸಂಘದವಳೋ, ಅಳಿಯನೂ ಯಜಮಾನನೂ ಇಲ್ಲದ ಕಡೆ ಕೂತು ಕೇಳಿ ಬರಬೇಕು. ಆಗ ಅಜ್ಜಿ ಏನು ಹೇಳುತ್ತಾಳೋ ಅದು ಅವಳ ಮಾತು.

ಮುಖ್ಯ ಕೆಲಸ ಇನ್ನು ಬರುತ್ತದೆ: ಎರಡು ಪಾತ್ರಗಳನ್ನು ಬೇರೆ ಮಾಡುವುದು. ಏನು ಕೊಡಬೇಕು, ಎಷ್ಟು ಕೊಡಬೇಕು ಎಂದು ಹೇಳುವವರು ಬೇರೆಯವರಾಗಲಿ. ಅಜ್ಜಿ ಒಬ್ಬರನ್ನು ಹೆಸರಿಸಲಿ, ಅಳಿಯ ಒಬ್ಬರನ್ನು ಹೆಸರಿಸಲಿ, ಅವರಿಬ್ಬರೂ ಸೇರಿ ಪಕ್ಕದ ಊರಿನಿಂದ ಮೂರನೆಯವರನ್ನು ಕರೆಯಲಿ. ಯಜಮಾನ ಆ ಮೂವರಲ್ಲಿ ಒಬ್ಬನಲ್ಲ. ಅವರು ಹೇಳಿದ್ದು ನಡೆಯುವಂತೆ ಜಾಮೀನು ನಿಲ್ಲುವವನು ಅವನು. ಅನುಮಾನಕ್ಕೆ ಕಾರಣವಾದ ನಂಟು ತೀರ್ಪಿನಿಂದ ದೂರ ಉಳಿಯುತ್ತದೆ, ಜಾರಿಗೆ ಬಲ ಕೊಡುವ ಕಡೆ ಕೆಲಸಕ್ಕೆ ಬರುತ್ತದೆ. ಅಳಿಯ ಎರಡು ತಿಂಗಳು ತಪ್ಪಿಸಿದರೆ ಮಾವ ತನ್ನ ಕೈಯಿಂದ ಕೊಟ್ಟು ಅಳಿಯನಿಂದ ವಸೂಲಿ ಮಾಡಿಕೊಳ್ಳಬೇಕು ಎಂಬ ಮಾತು ಮುಚ್ಚಳಿಕೆಯಲ್ಲೇ ಇರಲಿ. ಇದಕ್ಕೆ ಒಪ್ಪದ ಯಜಮಾನನ ನಿಷ್ಪಕ್ಷಪಾತದ ಬಗ್ಗೆ ಅಜ್ಜಿ ಎರಡು ಸಲ ಯೋಚಿಸುವುದು ಒಳ್ಳೆಯದು.

ಮೂವರು ಏನು ಬರೆಯಬೇಕು ಎಂಬಲ್ಲಿ ಹೆಚ್ಚಿನ ಪಂಚಾಯ್ತಿಗಳು ಸೋಲುತ್ತವೆ. "ಹೊಟ್ಟೆ ಬಟ್ಟೆಗೆ ಕೊರತೆಯಾಗದಂತೆ ನೋಡಿಕೊಳ್ಳತಕ್ಕದ್ದು" ಎಂದು ಬರೆದು ಎದ್ದುಬಿಡುತ್ತಾರೆ. ಕೊರತೆ ಯಾವುದು ಎಂಬುದೇ ಮುಂದಿನ ಜಗಳ. ಅಳೆಯಬಹುದಾದ ಮಾತು ಬೇಕು. ನಮ್ಮ ಕಥೆಯ ಅಜ್ಜಿಗೆ ಹೀಗೆ ಬರೆಯಬಹುದು: ರಾಗಿ ಅಕ್ಕಿ ಸೇರಿ ತಿಂಗಳಿಗೆ 12 ಕೆಜಿ, ಅಂದರೆ ವರ್ಷಕ್ಕೆ ಒಂದೂವರೆ ಕ್ವಿಂಟಲ್‌ಗೆ ಸ್ವಲ್ಪ ಕಡಿಮೆ, ಕಾಳು ಎಣ್ಣೆ ಔಷಧಿಗೆಂದು ತಿಂಗಳಿಗೆ 4,000 ರೂಪಾಯಿ, ಪ್ರತಿ ತಿಂಗಳ 5ನೇ ತಾರೀಕಿನೊಳಗೆ ಅವಳ ಹೆಸರಿನ ಬ್ಯಾಂಕ್ ಖಾತೆಗೆ, ಬೀದಿ ಕಡೆ ಬಾಗಿಲಿರುವ ಕೋಣೆ, ಅದರ ಬೀಗದ ಕೈ ಅವಳ ಹತ್ತಿರ, ಆಸ್ಪತ್ರೆ ಸೇರಿದರೆ ಪೂರ್ತಿ ಖರ್ಚು. ಅವಳಿಗೆ ಬರುವ ಪಿಂಚಣಿಯನ್ನು ಈ ಹಣದಲ್ಲಿ ಮುರಿಯುವಂತಿಲ್ಲ ಎಂಬ ಸಾಲು ಮರೆಯಬಾರದು, ಯಾಕೆಂದರೆ ಮೊದಲ ತಿಂಗಳೇ ಮುರಿಯುತ್ತಾರೆ.

ಹಣ ಕೈಗೆ ಕೊಡುವುದು ಬೇಡ, ಖಾತೆಗೇ ಹಾಕಬೇಕು ಎನ್ನುವುದಕ್ಕೆ ಕಾರಣ ಇದೆ. ಕೈಗೆ ಕೊಟ್ಟ ಹಣಕ್ಕೆ ಅಳಿಯ ಕೊಟ್ಟೆ ಎನ್ನುತ್ತಾನೆ, ಅಜ್ಜಿ ಇಲ್ಲ ಎನ್ನುತ್ತಾಳೆ. ಪಾಸ್‌ಪುಸ್ತಕ ಯಾರ ನೆಂಟನೂ ಅಲ್ಲ. ಮುಂದೆ ಸರ್ಕಾರಿ ಕಚೇರಿಗೆ ಹೋಗಬೇಕಾಗಿ ಬಂದರೆ ಯಾವ ತಿಂಗಳಿಂದ ನಿಂತಿತು ಎಂಬುದಕ್ಕೆ ಅದೇ ಸಾಕ್ಷಿ.

ಬರೆದದ್ದಕ್ಕೆ ಕಾನೂನಿನ ಬಲ ಬೇಕಾದರೆ ಕಟ್ಟೆಯಿಂದ ಒಂದು ಹೆಜ್ಜೆ ಮುಂದೆ ಹೋಗಬೇಕು. ಎಲ್ಲರೂ ಸಹಿ ಹಾಕಿದ ಮುಚ್ಚಳಿಕೆ, ಅದು ಇ-ಸ್ಟಾಂಪ್ ಕಾಗದದ ಮೇಲಿದ್ದರೂ, ಒಂದು ಒಪ್ಪಂದ ಅಷ್ಟೇ. ಮುರಿದರೆ ದಾವೆ ಹೂಡಬೇಕು. ಅದರ ಬದಲು ಎರಡೂ ಕಡೆಯವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇನ್ನೂ ಕೋರ್ಟಿಗೆ ಹೋಗದ ವ್ಯಾಜ್ಯ ಎಂದು ಅರ್ಜಿ ಕೊಟ್ಟು, ಲೋಕ ಅದಾಲತ್ತಿನಲ್ಲಿ ಇದೇ ಷರತ್ತುಗಳಿಗೆ ಸಹಿ ಹಾಕಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಲೋಕ ಅದಾಲತ್ತಿನ ತೀರ್ಮಾನ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. ಯಜಮಾನನ ಮುಲಾಜಿನ ನಿಜವಾದ ಬೆಲೆ ಇಲ್ಲೇ. ಅಳಿಯನನ್ನು ಆ ಕಚೇರಿಯ ತನಕ ಕರೆದುಕೊಂಡು ಹೋಗಲು ಅವನಿಗಷ್ಟೇ ಆಗುವುದು.

ಜಮೀನನ್ನೇ ವಾಪಸ್ ಪಡೆಯಬೇಕು ಎಂದು ಅಜ್ಜಿ ಹಟ ಹಿಡಿದರೆ? ಆಗ ಲೆಕ್ಕ ಬೇರೆ. ದಾನ ಕೊಟ್ಟವರು ಮನಸ್ಸು ಬದಲಾಯಿತು ಎಂದು ದಾನಪತ್ರವನ್ನು ಏಕಪಕ್ಷೀಯವಾಗಿ ರದ್ದು ಮಾಡಲು ಆಸ್ತಿ ವರ್ಗಾವಣೆ ಕಾಯ್ದೆಯ 126ನೇ ಕಲಂ ಬಿಡುವುದಿಲ್ಲ. ಅಳಿಯನೇ ಒಪ್ಪಿ ಮರಳಿ ನೋಂದಣಿ ಮಾಡಿಕೊಟ್ಟರೆ ಸರಿ. ಆದರೆ ಕುಟುಂಬದೊಳಗಿನ ದಾನಕ್ಕೆ ಸಿಗುವ ಮುದ್ರಾಂಕ ಶುಲ್ಕದ ರಿಯಾಯಿತಿ ಹೆಸರಿಸಿದ ಕೆಲವು ಸಂಬಂಧಗಳಿಗೆ ಮಾತ್ರ. ದೊಡ್ಡಮ್ಮ ಮತ್ತು ಮೈದುನನ ಮಗ ಆ ಪಟ್ಟಿಯೊಳಗೆ ಬರುತ್ತಾರೋ ಇಲ್ಲವೋ ಎಂದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮೊದಲೇ ಕೇಳಿಕೊಂಡು, ಆ ಖರ್ಚು ಯಾರದು ಎಂದೂ ಬರೆಸಬೇಕು. ಎಷ್ಟೋ ರಾಜಿಗಳು ಎಲ್ಲ ಒಪ್ಪಿದ ಮೇಲೆ ಶುಲ್ಕದ ಮೊತ್ತ ಕೇಳಿ ಮುರಿದುಬೀಳುತ್ತವೆ.

ಅಳಿಯ ಒಪ್ಪದಿದ್ದರೆ ಉಳಿಯುವುದು 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ. ಅದರ ನ್ಯಾಯಮಂಡಳಿಗೆ ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿ, ಜನ ಎ.ಸಿ. ಎನ್ನುವವರು, ಅಧ್ಯಕ್ಷರು. ಅಜ್ಜಿಗೆ ಮಕ್ಕಳಿಲ್ಲ, ಹಾಗಾಗಿ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಹಳ್ಳಿಗಳಲ್ಲಿ ಹೇಳುವುದುಂಟು. ತಪ್ಪು. ಮಕ್ಕಳಿಲ್ಲದ ಹಿರಿಯರ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ಪಡೆಯಲಿರುವ ವಾರಸುದಾರರೂ ಪೋಷಣೆಗೆ ಹೊಣೆ. ತಿಂಗಳಿಗೆ 10,000 ರೂಪಾಯಿ ಮೀರದಂತೆ ಜೀವನಾಂಶ ಕೊಡಿಸಬಹುದು. 23ನೇ ಕಲಂ ಇನ್ನೂ ಮುಂದೆ ಹೋಗುತ್ತದೆ. ಮೂಲಭೂತ ಅಗತ್ಯಗಳನ್ನು ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದು, ಪಡೆದವರು ಹಾಗೆ ಮಾಡದಿದ್ದರೆ, ಕೊಟ್ಟವರ ಇಚ್ಛೆಯಂತೆ ಆ ವರ್ಗಾವಣೆಯನ್ನೇ ಅಸಿಂಧು ಎಂದು ಘೋಷಿಸಬಹುದು.

ಹಲವು ಪ್ರಕರಣಗಳು ಎಡವುವುದು ಆ ಷರತ್ತು ಎಂಬ ಪದದ ಹತ್ತಿರ. ಪತ್ರ ಬರಹಗಾರರು ಬಳಸುವ ಮಾದರಿಯಲ್ಲಿ "ನಿಮ್ಮ ಮೇಲಿನ ಪ್ರೀತಿ ವಿಶ್ವಾಸದಿಂದ ಸ್ವಸಂತೋಷದಿಂದ ಕೊಟ್ಟಿರುತ್ತೇನೆ" ಎಂದಿರುತ್ತದೆ. ನೋಡಿಕೊಳ್ಳಬೇಕು ಎಂಬ ಸಾಲು ಇರುವುದಿಲ್ಲ. ಬರೆಸಲು ಅಜ್ಜಿಗೆ ತೋಚಿರುವುದಿಲ್ಲ, ಬರೆಸಿದರೆ ಅಪನಂಬಿಕೆ ತೋರಿಸಿದಂತಾಗುತ್ತದೆ ಎಂಬ ಸಂಕೋಚವೂ ಇರುತ್ತದೆ. 2022ರ ಡಿಸೆಂಬರ್‌ನಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವರ್ಗಾವಣೆಯ ಜೊತೆಗೆ ಅಂಥ ಷರತ್ತು ಇತ್ತು ಎಂದು ತೋರಿಸದೆ 23ನೇ ಕಲಂ ಬಳಸಲಾಗದು ಎಂದಿತು. 2025ರ ಜನವರಿ 2ರಂದು ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಅದೇ ಕೋರ್ಟು ಕಾಯ್ದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಉದಾರವಾಗಿ ಓದಬೇಕು ಎಂದು ತಾಯಿ 2019ರಲ್ಲಿ ಮಗನಿಗೆ ಕೊಟ್ಟ ದಾನವನ್ನು ರದ್ದು ಮಾಡಿತು. ಜಮೀನಿನ ಸ್ವಾಧೀನವನ್ನೂ ನ್ಯಾಯಮಂಡಳಿ ಕೊಡಿಸಬಹುದು ಎಂದೂ ಹೇಳಿತು. ಎರಡು ತೀರ್ಪುಗಳ ನಡುವೆ ವಿರೋಧ ಕಾಣಿಸಿದರೂ ಒಂದು ವಾಸ್ತವಾಂಶ ಮರೆಯಬಾರದು: ದೀಕ್ಷಿತ್ ಪ್ರಕರಣದಲ್ಲಿ ದಾನಪತ್ರದ ಜೊತೆಗೆ, ಅದೇ ದಿನ, ಕೊನೆಯತನಕ ನೋಡಿಕೊಳ್ಳುತ್ತೇನೆ ಎಂದು ಮಗ ಬರೆದುಕೊಟ್ಟ ವಚನಪತ್ರವೊಂದನ್ನು ತಾಯಿ ಹಾಜರುಪಡಿಸಿದ್ದರು.

ನಮ್ಮ ಕಥೆಯ ಅಜ್ಜಿಯ ಹತ್ತಿರ ಅಂಥ ಕಾಗದವಿಲ್ಲ. ಆದರೆ ಮಾತು ಕೊಟ್ಟಿದ್ದನ್ನು ಕೇಳಿಸಿಕೊಂಡವನೊಬ್ಬ ಇದ್ದಾನೆ. ಮಗಳ ಸಂಸಾರಕ್ಕೆ ಜಮೀನು ಬರುವ ಸಮಯದಲ್ಲಿ, ಸಬ್‌ರಿಜಿಸ್ಟ್ರಾರ್ ಕಚೇರಿಗೆ ಜೀಪು ಮಾಡಿಕೊಂಡು ಎಲ್ಲರನ್ನೂ ಕರೆದುಕೊಂಡು ಹೋದ, ಬಹುಶಃ ಪತ್ರಕ್ಕೆ ಸಾಕ್ಷಿ ಸಹಿಯನ್ನೂ ಹಾಕಿದ ಯಜಮಾನ. ದಾನಪತ್ರಕ್ಕೆ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕೇ ಬೇಕು. ಊರುಗಳಲ್ಲಿ ಆ ಸಹಿ ಹಾಕುವವರು ಇಂಥವರೇ. ಹಾಗಿದ್ದರೆ ಅವನು ನ್ಯಾಯ ಹೇಳಲು ಅನರ್ಹನಾಗಿರುವುದಕ್ಕೆ ಮಾವನಾಗಿರುವುದಕ್ಕಿಂತ ದೊಡ್ಡ ಕಾರಣವೇ ಇದೆ: ಅವನು ಈ ವ್ಯಾಜ್ಯದ ಸಾಕ್ಷಿ. ಇದನ್ನು ಗಮನಿಸಿದ ಕಥೆಗಾರನಿಗೆ ಬೇರೆಯದೇ ಕಥೆ ಸಿಗುತ್ತದೆ. ಅಲ್ಲಿ ಯಜಮಾನನ ಪರೀಕ್ಷೆ ನಡೆಯುವುದು ಎ.ಸಿ. ಕಚೇರಿಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ: "ಹೌದು ಸಾರ್, ನೋಡ್ಕೋತೀನಿ ಅಂತ ನನ್ನ ಮುಂದೆನೇ ಹೇಳಿದ್ದ" ಎಂಬ ಒಂದು ವಾಕ್ಯವನ್ನು ಹೇಳಿ ಅದರ ಕೆಳಗೆ ಸಹಿ ಹಾಕುತ್ತಾನೋ ಇಲ್ಲವೋ ಎಂಬುದರಲ್ಲಿ.

ಆ ವಾಕ್ಯವನ್ನು ಬಹಳ ದಿನ ಮುಂದೂಡುವಂತೆಯೂ ಇಲ್ಲ. ಪಂಚಾಯ್ತಿ ಸೇರುವ ಮೊದಲೇ ಆ ಸರ್ವೆ ನಂಬರಿನ ಇತ್ತೀಚಿನ ಪಹಣಿ ಮತ್ತು 2021ರಿಂದ ಇಲ್ಲಿಯತನಕದ ಋಣಭಾರ ಪತ್ರ ತೆಗೆಸಬೇಕು. ಜಮೀನಿನ ಮೇಲೆ ಸಾಲ ಎದ್ದಿದೆಯೇ, ಬೇರೆಯವರಿಗೆ ಕ್ರಯವಾಗಿದೆಯೇ ಎಂದು ಅವು ಹೇಳುತ್ತವೆ. ಹಿರಿಯರ ಜೀವನಾಂಶದ ಹಕ್ಕಿರುವ ಆಸ್ತಿ ಕೈ ಬದಲಾದರೂ, ಪುಕ್ಕಟೆಯಾಗಿ ಪಡೆದವರ ಮೇಲೆ, ಹಕ್ಕಿನ ವಿಷಯ ಗೊತ್ತಿದ್ದೂ ಕೊಂಡವರ ಮೇಲೆ ಆ ಹಕ್ಕು ನಡೆಯುತ್ತದೆ. ಹಣ ಕೊಟ್ಟು, ಏನೂ ತಿಳಿಯದೆ ಕೊಂಡವರ ಮೇಲೆ ನಡೆಯುವುದಿಲ್ಲ. ಆದ್ದರಿಂದ ಕಟ್ಟೆಯಲ್ಲಿ ಇನ್ನೊಂದು ವಾಯಿದೆ ಕೇಳಿದ ದಿನವೇ ಅಜ್ಜಿಯ ಪರವಾಗಿ ಎ.ಸಿ. ಕಚೇರಿಗೆ ಅರ್ಜಿ ಹೋಗಬೇಕು, ಸ್ವೀಕೃತಿಯ ಮುದ್ರೆ ಬಿದ್ದ ಪ್ರತಿ ಅವಳ ಕೈಯಲ್ಲಿರಬೇಕು. ಅರ್ಜಿ ಕೊಟ್ಟ ಮೇಲೂ ರಾಜಿಯ ಬಾಗಿಲು ಮುಚ್ಚುವುದಿಲ್ಲ. ವಿಚಾರಣೆಗೆ ಮೊದಲು ಸಂಧಾನಾಧಿಕಾರಿಗೆ ಒಪ್ಪಿಸಲು ಕಾಯ್ದೆಯಲ್ಲೇ ಅವಕಾಶವಿದೆ, ಅದಕ್ಕೆ ಒಂದು ತಿಂಗಳ ಗಡುವಿದೆ. ದಾರಿ ತೋಚದವರಿಗೆ ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ, ಕರೆಗೆ ಹಣ ಬೀಳುವುದಿಲ್ಲ.